22 ಸರಿಯೋ, 26 ಸರಿಯೋ? ಉದ್ದದ ಪ್ರಶ್ನಾವಳಿಗೊಂದು ಅನುಬಂಧ

ಹಾಳೆ ಒಂದೇ. ಅದರಲ್ಲಿ ಹತ್ತು ಪ್ರಶ್ನೆಗಳು, ಪ್ರತಿ ಪ್ರಶ್ನೆಯ ಮುಂದೆ 0ಯಿಂದ 4ರವರೆಗಿನ ಒಂದು ಅಂಕಿಗೆ ಸುತ್ತು. ಒಬ್ಬರು ಲೆಕ್ಕ ಹಾಕಿದರೆ ಮೊತ್ತ 22 ಬಂತು, ಇನ್ನೊಬ್ಬರಿಗೆ 26. ಇಬ್ಬರೂ ಕೂಡಿದ್ದು ಸರಿಯಾಗಿಯೇ ಇದೆ. ಆದರೆ ಮೊದಲನೆಯವರ ಕೈಯಲ್ಲಿ ಪ್ರಶ್ನೆಗಳು ಮಾತ್ರ ಇದ್ದವು, ಎರಡನೆಯವರಿಗೆ ಅಂಕ ಕೊಡುವ ನಿಯಮವೂ ಗೊತ್ತಿತ್ತು. ಆ ನಿಯಮ ಇರಬೇಕಾದ ಜಾಗ ಅನುಬಂಧ.

ಪಿಎಚ್.ಡಿ. ಪ್ರಬಂಧಗಳ ಕೊನೆಯಲ್ಲಿ ‘ಅನುಬಂಧ: ಪ್ರಶ್ನಾವಳಿ’ ಎಂಬ ತಲೆಬರಹದಡಿ ಹಳ್ಳಿ ಹಳ್ಳಿಗೆ ಒಯ್ದ ಫಾರಂನ ಜೆರಾಕ್ಸ್ ಅನ್ನೇ ಅಂಟಿಸಿರುವುದನ್ನು ಕಾಣಬಹುದು. ಫಾರಂ ಇರುವುದು ಉತ್ತರ ಹೇಳುವವರಿಗಾಗಿ, ಅನುಬಂಧ ಇರುವುದು ಉತ್ತರಗಳನ್ನು ಮತ್ತೆ ಲೆಕ್ಕ ಹಾಕಬೇಕಾದವರಿಗಾಗಿ. ಹಾಗಾಗಿ ಮೊದಲನೆಯದನ್ನು ಹಾಗೆಯೇ ಹಚ್ಚಿದರೆ ಎರಡನೆಯದಾಗುವುದಿಲ್ಲ. ಅದನ್ನು ಬೇರೆಯಾಗಿ ಕೂತು ಬರೆಯಬೇಕು.

ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆಶಾ ಕಾರ್ಯಕರ್ತೆಯರ ಕೆಲಸದ ಹೊರೆಯನ್ನು ಕುರಿತು ಸಂಶೋಧಕಿಯೊಬ್ಬರು ಸಮೀಕ್ಷೆ ಮಾಡಿದ್ದಾರೆ ಎಂದುಕೊಳ್ಳಿ. ಹದಿನಾರು ಪುಟದ ಫಾರಂನಲ್ಲಿ ನಾಲ್ಕು ಭಾಗಗಳು: ವಯಸ್ಸು, ಓದು, ಮನೆಯ ವಿವರ ಒಂದು ಭಾಗ, ದಿನಕ್ಕೆ ಎಷ್ಟು ಮನೆ ಸುತ್ತುತ್ತಾರೆ, ಗೌರವಧನ ಯಾವಾಗ ಬರುತ್ತದೆ ಎಂಬಂಥ ಕೆಲಸದ ವಿವರ ಇನ್ನೊಂದು. ಉಳಿದೆರಡು ಭಾಗಗಳಲ್ಲಿ ಬೇರೆಯವರು ರೂಪಿಸಿದ ಅಳತೆಗೋಲುಗಳಿವೆ. ಒಂದು ಮನಸ್ಸಿನ ಒತ್ತಡವನ್ನು ಅಳೆಯುವ ‘ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್’, ಅಂದರೆ ಪಿಎಸ್‌ಎಸ್. ಇನ್ನೊಂದು ಖಿನ್ನತೆಯ ಲಕ್ಷಣಗಳನ್ನು ಕೇಳುವ ‘ಸಿಇಎಸ್-ಡಿ’. ನಮ್ಮ 22–26ರ ಜಗಳ ಇರುವುದು ಪಿಎಸ್‌ಎಸ್‌ನಲ್ಲಿ.

ಆರನೇ ಪ್ರಶ್ನೆ ಎಂದರೆ ಯಾವುದು?

ಪಿಎಸ್‌ಎಸ್ ಅನ್ನು 1983ರಲ್ಲಿ ಪ್ರಕಟಿಸಿದವರು ಅಮೆರಿಕದ ಶೆಲ್ಡನ್ ಕೋಹೆನ್, ಟಾಮ್ ಕಮಾರ್ಕ್ ಮತ್ತು ರಾಬಿನ್ ಮರ್ಮೆಲ್‌ಸ್ಟೀನ್. ಆಗ ಅದರಲ್ಲಿ 14 ಪ್ರಶ್ನೆಗಳಿದ್ದವು. 1988ರಲ್ಲಿ ಅವುಗಳಲ್ಲಿ ನಾಲ್ಕನ್ನು ಕೈಬಿಟ್ಟ ಹತ್ತು ಪ್ರಶ್ನೆಗಳ ರೂಪ ಬಂತು. ಈಗ ಹೆಚ್ಚು ಬಳಕೆಯಲ್ಲಿರುವುದು ಇದೇ. ಇವೆರಡಲ್ಲದೆ ನಾಲ್ಕೇ ಪ್ರಶ್ನೆಗಳ ಇನ್ನೊಂದು ರೂಪವೂ ಇದೆ.

ಹದಿನಾಲ್ಕರ ರೂಪದ 4, 5, 12 ಮತ್ತು 13ನೇ ಪ್ರಶ್ನೆಗಳು ಹತ್ತರ ರೂಪದಲ್ಲಿಲ್ಲ. ಹಾಗಾಗಿ ಅಲ್ಲಿ ಆರನೆಯದಾಗಿದ್ದ ಪ್ರಶ್ನೆ ಇಲ್ಲಿ ನಾಲ್ಕನೆಯದಾಯಿತು, ಏಳನೆಯದು ಐದನೆಯದಾಯಿತು, ಎಂಟನೆಯದು ಆರನೆಯದಾಯಿತು. ‘ಪಿಎಸ್‌ಎಸ್‌ನ ಆರನೇ ಪ್ರಶ್ನೆ’ ಎಂದಷ್ಟೇ ಬರೆದರೆ ಯಾವುದೆಂದು ಹೇಳಲಾಗದು. ಹದಿನಾಲ್ಕರ ರೂಪದಲ್ಲಿ ಅದು, ನಿಮ್ಮ ತೊಂದರೆಗಳನ್ನು ನಿಭಾಯಿಸಬಲ್ಲೆ ಎಂಬ ಧೈರ್ಯ ಎಷ್ಟು ಸಲ ಇತ್ತು ಎಂದು ಕೇಳುತ್ತದೆ. ಹತ್ತರ ರೂಪದಲ್ಲಿ, ಮಾಡಬೇಕಾದ ಕೆಲಸಗಳನ್ನೆಲ್ಲ ನಿಭಾಯಿಸಲಾಗುತ್ತಿಲ್ಲ ಎಂದು ಎಷ್ಟು ಸಲ ಅನ್ನಿಸಿತು ಎಂದು ಕೇಳುತ್ತದೆ. ಒಂದು ನೆಮ್ಮದಿಯ ಕಡೆಯದು, ಇನ್ನೊಂದು ಒತ್ತಡದ ಕಡೆಯದು.

ಪ್ರತಿ ಪ್ರಶ್ನೆಗೂ ಒಂದು ಕೋಡ್ ಬೇಕಾಗುವುದು ಇದಕ್ಕೇ. ಫಾರಂನಲ್ಲಿ ಆ ಪ್ರಶ್ನೆಯ ಕ್ರಮಸಂಖ್ಯೆ 47 ಇರಬಹುದು, 52 ಇರಬಹುದು. ಹತ್ತಿಪ್ಪತ್ತು ಜನರ ಮೇಲೆ ಪ್ರಯೋಗ ಮಾಡಿ ನೋಡಿದಾಗ ಮೊದಲ ಭಾಗದಲ್ಲಿ ಎರಡು ಪ್ರಶ್ನೆ ಬೇಡವೆನಿಸಿ ತೆಗೆದರೆ ಮುಂದಿನ ಸಂಖ್ಯೆಗಳೆಲ್ಲ ಕೆಳಗಿಳಿಯುತ್ತವೆ. ಕೋಡ್ ಮಾತ್ರ ಬದಲಾಗಬಾರದು. `PSS10_04` ಎಂದು ಬರೆದರೆ ಅಳತೆಗೋಲು ಯಾವುದು, ಅದರ ಯಾವ ರೂಪ, ಆ ರೂಪದಲ್ಲಿ ಎಷ್ಟನೆಯ ಪ್ರಶ್ನೆ ಎಂಬ ಮೂರೂ ಸಂಗತಿ ಅದರಲ್ಲೇ ಇವೆ. ಕಂಪ್ಯೂಟರಿನ ಕಾಲಮ್ಮಿಗೂ ಇದೇ ಹೆಸರು, ಪ್ರಬಂಧದ ಕೋಷ್ಟಕದಲ್ಲೂ ಇದೇ ಹೆಸರು. 4 ಎಂದು ಬರೆಯದೆ 04 ಎಂದು ಬರೆಯುವುದಕ್ಕೂ ಕಾರಣವಿದೆ. ಕಂಪ್ಯೂಟರ್ ಹೆಸರುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿದಾಗ 1ರ ಬೆನ್ನಿಗೇ 10 ಬಂದು ಕೂರುತ್ತದೆ. ಎರಡಂಕಿಯಲ್ಲಿ ಬರೆದರೆ ಈ ಗೊಂದಲವಿಲ್ಲ.

ಅನುಬಂಧದ ಪ್ರಶ್ನೆಪಟ್ಟಿಯ ಮೂರು ಸಾಲು ಹೀಗಿರಬಹುದು. ಇಲ್ಲಿ ಪ್ರಶ್ನೆಯ ಸಾರವನ್ನಷ್ಟೇ ಕೊಟ್ಟಿದೆ. ನಿಜವಾದ ಅನುಬಂಧದಲ್ಲಿ ಆ ಜಾಗದಲ್ಲಿ ಸಂದರ್ಶಕರು ಕನ್ನಡದಲ್ಲಿ ಕೇಳಿದ ವಾಕ್ಯವೇ, ಒಂದಕ್ಷರವೂ ಬದಲಾಗದೆ, ಇರಬೇಕು.

| ಕೋಡ್ | ಫಾರಂನಲ್ಲಿ | ಪ್ರಶ್ನೆಯ ಸಾರ | ಉತ್ತರಪಟ್ಟಿ | ದಿಕ್ಕು |
|---|---|---|---|---|
| `PSS10_04` | 47 | ತೊಂದರೆ ನಿಭಾಯಿಸುವ ಧೈರ್ಯ | ಉ1 | ಉಲ್ಟಾ |
| `PSS10_05` | 48 | ಅಂದುಕೊಂಡಂತೆ ನಡೆಯುತ್ತಿದೆ ಎಂಬ ಭಾವ | ಉ1 | ಉಲ್ಟಾ |
| `PSS10_06` | 49 | ಕೆಲಸ ನಿಭಾಯಿಸಲಾಗದ ಭಾವ | ಉ1 | ನೇರ |

ಒಂದಕ್ಕಿಂತ ಹೆಚ್ಚು ಉತ್ತರಕ್ಕೆ ಗುರುತು ಹಾಕಬಹುದಾದ ಪ್ರಶ್ನೆಗಳಿಗೆ ಒಂದು ಕೋಡ್ ಸಾಲದು. ಹಳ್ಳಿಗೆ ಹೋಗುವುದು ಹೇಗೆ, ನಡೆದೋ, ಬಸ್ಸಿನಲ್ಲೋ, ಸ್ಕೂಟರಿನಲ್ಲೋ ಎಂದು ಕೇಳಿದರೆ ಒಬ್ಬರೇ ಮೂರಕ್ಕೂ ಗುರುತು ಹಾಕಿಯಾರು. ಅಲ್ಲಿ ಪ್ರತಿ ಆಯ್ಕೆಯೂ ಒಂದು ಕಾಲಮ್ಮು, ಗುರುತಿದ್ದರೆ 1, ಇಲ್ಲದಿದ್ದರೆ 0. ಇಂಥ ಒಂದು ಪ್ರಶ್ನೆ ಮೂರು ಕೋಡ್ ಪಡೆಯುತ್ತದೆ, ಅನುಬಂಧದಲ್ಲಿ ಮೂರು ಸಾಲು ಪಡೆಯುತ್ತದೆ.

ಉತ್ತರಪಟ್ಟಿಗೊಂದು ಹೆಸರು

ಪಟ್ಟಿಯಲ್ಲಿ ‘ಉ1’ ಎಂದಿರುವುದು ಉತ್ತರಪಟ್ಟಿಯ ಹೆಸರು. ಹತ್ತು ಪ್ರಶ್ನೆಗೂ ಅದೇ ಐದು ಉತ್ತರಗಳಿರುವಾಗ ಅವನ್ನು ಹತ್ತು ಸಲ ಅಚ್ಚು ಹಾಕಬೇಕಿಲ್ಲ. ಅನುಬಂಧದ ಆರಂಭದಲ್ಲೇ ಒಂದು ಸಲ ಹೇಳಿದರೆ ಸಾಕು. ಪಿಎಸ್‌ಎಸ್‌ನಲ್ಲಿ 0 ಎಂದರೆ ಒಮ್ಮೆಯೂ ಇಲ್ಲ, 1 ತೀರಾ ಅಪರೂಪ, 2 ಕೆಲವೊಮ್ಮೆ, 3 ಸಾಕಷ್ಟು ಸಲ, 4 ಬಹಳ ಸಲ. ಇದರ ಜೊತೆ ಕಾಲಾವಧಿಯನ್ನೂ ಬರೆಯಬೇಕು. ಪಿಎಸ್‌ಎಸ್ ಕೇಳುವುದು ಕಳೆದ ಒಂದು ತಿಂಗಳ ಅನುಭವವನ್ನು.

ಮುಂದಿನ ಪುಟಕ್ಕೇ ಎಲ್ಲವೂ ಬದಲಾಗುತ್ತದೆ. 1977ರಲ್ಲಿ ಲೆನೋರ್ ರಾಡ್‌ಲಾಫ್ ಪ್ರಕಟಿಸಿದ ಸಿಇಎಸ್-ಡಿಯಲ್ಲಿ 20 ಪ್ರಶ್ನೆಗಳಿವೆ. ಅವು ಕಳೆದ ಒಂದು ವಾರದ ಬಗ್ಗೆ ಕೇಳುತ್ತವೆ, ಉತ್ತರಗಳು 0ಯಿಂದ 3ರವರೆಗೆ ಮಾತ್ರ. ಅದಕ್ಕೆ ‘ಉ2’ ಎಂಬ ಬೇರೆ ಪಟ್ಟಿ ಬೇಕು. ಎರಡು ಅಳತೆಗೋಲುಗಳನ್ನು ಒಂದೇ ಫಾರಂನಲ್ಲಿ ಹೊಲಿದಾಗ, ಒಂದರ ಗರಿಷ್ಠ 4, ಇನ್ನೊಂದರದು 3 ಎಂಬುದು ಡೇಟಾ ಎಂಟ್ರಿ ಮಾಡುವವರ ಕಣ್ಣಿಗೆ ಬೀಳುವುದು ಇಂಥ ಪಟ್ಟಿಯಿಂದಲೇ. ಸಿಇಎಸ್-ಡಿ ಕಾಲಮ್ಮಿನಲ್ಲಿ ಎಲ್ಲೋ ಒಂದು 4 ಕಂಡರೆ ಅದು ಕೈತಪ್ಪಿ ಬಿದ್ದದ್ದೆಂದು ತಕ್ಷಣ ಹೇಳಬಹುದು.

ಕೆಲವರು ಪಿಎಸ್‌ಎಸ್ ಉತ್ತರಗಳಿಗೆ 0–4ರ ಬದಲು 1–5 ಎಂದು ಅಂಕಿ ಹಾಕುತ್ತಾರೆ. ಪ್ರಶ್ನೆಗಳು ಅವೇ ಆದರೂ ಮೊತ್ತ 0–40ರ ಬದಲು 10–50ರ ನಡುವೆ ಬರುತ್ತದೆ, ಪ್ರತಿಯೊಬ್ಬರ ಮೊತ್ತವೂ 10 ಹೆಚ್ಚು. ಇದನ್ನು ಹೇಳದೆ ಸರಾಸರಿ 28 ಎಂದು ಬರೆದುಬಿಟ್ಟರೆ, ಬೇರೆ ಊರಿನ ಅಧ್ಯಯನದಲ್ಲಿ 18 ಬಂದಿದ್ದನ್ನು ನೋಡಿದ ಓದುಗರು ನಮ್ಮ ಆಶಾ ಕಾರ್ಯಕರ್ತೆಯರ ಒತ್ತಡ ವಿಪರೀತ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಎರಡೂ ಒಂದೇ.

ಉಲ್ಟಾ ಅಂಕ

ಈಗ ಜಗಳದ ಹಾಳೆಗೆ ಬರೋಣ. ಅದರಲ್ಲಿ ಸುತ್ತು ಹಾಕಿದ ಅಂಕಿಗಳು, 1ರಿಂದ 10ನೇ ಪ್ರಶ್ನೆಯವರೆಗೆ ಕ್ರಮವಾಗಿ: 3, 2, 3, 1, 2, 3, 2, 1, 2, 3. ಸುಮ್ಮನೆ ಕೂಡಿದರೆ 22.

ಆದರೆ 4, 5, 7 ಮತ್ತು 8ನೇ ಪ್ರಶ್ನೆಗಳು ನೆಮ್ಮದಿಯ ಕಡೆಯವು. ಧೈರ್ಯ ‘ಬಹಳ ಸಲ’ ಇತ್ತು ಎಂದವರಿಗೆ ಒತ್ತಡ ಕಡಿಮೆ. ಅಂಥ ಉತ್ತರಕ್ಕೆ 4 ಅಂಕ ಕೊಟ್ಟು ಒತ್ತಡದ ಮೊತ್ತಕ್ಕೆ ಸೇರಿಸುವುದು ಅಸಂಬದ್ಧ. ಆದ್ದರಿಂದ ಈ ನಾಲ್ಕಕ್ಕೆ ಅಂಕವನ್ನು ತಿರುಗಿಸಬೇಕು: 0 ಇದ್ದದ್ದು 4, 1 ಇದ್ದದ್ದು 3, 2 ಹಾಗೇ 2, ಹೀಗೆ. ಅನುಬಂಧದಲ್ಲಿ ಇದನ್ನು ಸೂತ್ರವಾಗಿಯೇ ಬರೆಯುವುದು ಒಳ್ಳೆಯದು:

```
PSS10_04R = 4 - PSS10_04
PSS10_05R = 4 - PSS10_05
PSS10_07R = 4 - PSS10_07
PSS10_08R = 4 - PSS10_08
```

ತಿರುಗಿಸಿದ ಅಂಕಕ್ಕೆ ಕೊನೆಯಲ್ಲಿ R ಸೇರಿಸಿ ಹೊಸ ಹೆಸರು ಕೊಟ್ಟಿರುವುದನ್ನು ಗಮನಿಸಿ. ಹಳೆಯ ಕಾಲಮ್ಮಿನ ಮೇಲೆಯೇ ಹೊಸ ಅಂಕ ಬರೆದರೆ, ಮುಂದಿನ ವಾರ ಫೈಲ್ ತೆರೆದವರು ತಿರುಗಿಸಿ ಆಗಿದೆಯೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ತಿರುಗಿಸುತ್ತಾರೆ. ಎರಡು ಸಲ ತಿರುಗಿಸಿದರೆ ಮೊದಲಿನ ಅಂಕವೇ ಬರುತ್ತದೆ, ಆದರೆ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಹಾಳೆಯಲ್ಲಿ ನೇರ ಪ್ರಶ್ನೆಗಳಾದ 1, 2, 3, 6, 9, 10ರ ಮೊತ್ತ 16. ತಿರುಗಿಸಿದ ನಾಲ್ಕರದು 3, 2, 2, 3, ಅಂದರೆ 10. ಒಟ್ಟು 26. ಇದೇ ಸರಿಯಾದ ಉತ್ತರ. ಹದಿನಾಲ್ಕರ ರೂಪದ ಉಲ್ಟಾ ಪಟ್ಟಿಯನ್ನು (4, 5, 6, 7, 9, 10, 13) ಎಲ್ಲಿಂದಲೋ ನಕಲು ಮಾಡಿ ಹತ್ತರ ರೂಪಕ್ಕೆ ಹಚ್ಚಿದರೆ ಇದೇ ಹಾಳೆಯ ಮೊತ್ತ 20 ಆಗುತ್ತದೆ. ಕೋಡ್‌ನಲ್ಲಿ ‘10’ ಎಂಬ ರೂಪದ ಗುರುತು ಬೇಕೆಂದದ್ದು ಸುಮ್ಮನಲ್ಲ.

ಮೂರೂ ಮೊತ್ತಗಳು 0–40ರ ಒಳಗೇ ಇರುವುದರಿಂದ ಒಂದು ಹಾಳೆ ನೋಡಿ ತಪ್ಪು ಹಿಡಿಯಲಾಗದು. ನೂರಾರು ಹಾಳೆಗಳನ್ನು ಒಟ್ಟಿಗೆ ನೋಡಿದರೆ ಹಿಡಿಯಬಹುದು. ಅತಿ ಹೆಚ್ಚು ಒತ್ತಡದಲ್ಲಿರುವವರು ಆರು ನೇರ ಪ್ರಶ್ನೆಗಳಿಗೆ 4, ನಾಲ್ಕು ಉಲ್ಟಾ ಪ್ರಶ್ನೆಗಳಿಗೆ 0 ಎನ್ನುತ್ತಾರೆ. ಅವರ ನಿಜವಾದ ಮೊತ್ತ 40. ತಿರುಗಿಸುವುದನ್ನು ಮರೆತರೆ ಅದು 24. ಒತ್ತಡವೇ ಇಲ್ಲದವರ ನಿಜವಾದ ಮೊತ್ತ 0. ತಿರುಗಿಸದಿದ್ದರೆ 16. ಅಂದರೆ 40 ಅಂಕಗಳ ಹರವು ಎಂಟು ಅಂಕಗಳಿಗೆ ಮುದುಡಿಕೊಳ್ಳುತ್ತದೆ. ಎಲ್ಲರ ಮೊತ್ತವೂ 20ರ ಆಸುಪಾಸಿನಲ್ಲೇ ಗುಂಪುಗೂಡಿದ್ದರೆ ಮೊದಲು ಅನುಮಾನಿಸಬೇಕಾದದ್ದು ಉಲ್ಟಾ ಪ್ರಶ್ನೆಗಳನ್ನು. ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರಾನ್‌ಬಾಕ್ ಆಲ್ಫಾ ಎಂಬ ಅಂಕಿಯೂ ಆಗ ಪಾತಾಳಕ್ಕಿಳಿದಿರುತ್ತದೆ.

ಅನುವಾದದಲ್ಲೂ ದಿಕ್ಕು ತಪ್ಪುವುದುಂಟು. ‘ನಿಭಾಯಿಸಲಾಗಲಿಲ್ಲ ಎಂದು ಎಷ್ಟು ಸಲ ಅನ್ನಿಸಿತು’ ಎಂಬ ಪ್ರಶ್ನೆ ಸಂದರ್ಶಕರ ಬಾಯಲ್ಲಿ ತೊಡಕೆನಿಸಿ ‘ಎಷ್ಟು ಸಲ ನಿಭಾಯಿಸಿದಿರಿ’ ಎಂದಾದರೆ ಆ ಪ್ರಶ್ನೆ ನೇರದಿಂದ ಉಲ್ಟಾ ಆಗಿಬಿಡುತ್ತದೆ. ದಿಕ್ಕಿನ ಕಾಲಮ್ಮನ್ನು ಇಂಗ್ಲಿಷ್ ಮೂಲ ನೋಡಿ ತುಂಬಬಾರದು, ಹಳ್ಳಿಯಲ್ಲಿ ಕೇಳಿದ ಕನ್ನಡ ವಾಕ್ಯವನ್ನು ನೋಡಿ ತುಂಬಬೇಕು. ಎರಡೂ ಭಾಷೆಯ ಪಠ್ಯ ಅಕ್ಕಪಕ್ಕದಲ್ಲಿದ್ದರೆ ಓದುಗರೂ ತಾಳೆ ನೋಡಬಹುದು. ಮೂಲ ಪಠ್ಯವನ್ನು ಹಾಗೆ ಅಚ್ಚು ಹಾಕಲು ಹಕ್ಕುದಾರರ ಒಪ್ಪಿಗೆ ಬೇಕೇ ಎಂದು ಮೊದಲೇ ವಿಚಾರಿಸಿಕೊಂಡಿರಬೇಕು. ಕೆಲವು ಅಳತೆಗೋಲುಗಳನ್ನು ಯಾರು ಬೇಕಾದರೂ ಬಳಸಬಹುದು, ಕೆಲವಕ್ಕೆ ಹಣ ಕೊಟ್ಟು ಪರವಾನಗಿ ಪಡೆಯಬೇಕು, ಪ್ರಶ್ನೆಗಳನ್ನು ಪ್ರಕಟಿಸುವಂತೆಯೇ ಇಲ್ಲ. ಅಂಥ ಕಡೆ ಕೋಡ್, ದಿಕ್ಕು ಮತ್ತು ಲೆಕ್ಕದ ನಿಯಮವನ್ನಷ್ಟೇ ಕೊಟ್ಟು, ಪಠ್ಯ ಯಾರಿಂದ ಸಿಗುತ್ತದೆ ಎಂದು ತಿಳಿಸಿದರಾಯಿತು.

ಖಾಲಿ ಬಿಟ್ಟ ಜಾಗ

ನೂರಕ್ಕೂ ಹೆಚ್ಚು ಪ್ರಶ್ನೆಗಳ ಫಾರಂನಲ್ಲಿ ಖಾಲಿ ಜಾಗಗಳು ಇದ್ದೇ ಇರುತ್ತವೆ. ಎಲ್ಲ ಖಾಲಿಯೂ ಒಂದೇ ಅಲ್ಲ. ಮಕ್ಕಳಿಲ್ಲದವರಿಗೆ ಮಕ್ಕಳ ಶಾಲೆಯ ಪ್ರಶ್ನೆ ಅನ್ವಯಿಸುವುದಿಲ್ಲ. ಕೆಲವರು ಗೊತ್ತಿಲ್ಲ ಎನ್ನುತ್ತಾರೆ. ಕೆಲವರು ಹೇಳಲಾರೆ ಎನ್ನುತ್ತಾರೆ. ಇವಕ್ಕೆ ಕ್ರಮವಾಗಿ 97, 98, 99 ಎಂಬಂಥ ಸಂಖ್ಯೆಗಳನ್ನು ಕೊಡುವುದು ರೂಢಿ.

ಒಂದಂಕಿಯ ಉತ್ತರಗಳಿಗೆ 9 ಎಂದು ಕೊಟ್ಟರೆ ಸಾಲದೇ ಎಂದು ಕೇಳಬಹುದು. ನಮ್ಮ ಹಾಳೆಯಲ್ಲೇ ನೋಡಿ. ಒಂಬತ್ತನೇ ಪ್ರಶ್ನೆಗೆ ಉತ್ತರವಿಲ್ಲ ಎಂದುಕೊಂಡರೆ ಉಳಿದ ಒಂಬತ್ತರ ಮೊತ್ತ 24. ಖಾಲಿ ಜಾಗದ 9 ಅರಿವಿಲ್ಲದೆ ಸೇರಿಕೊಂಡರೆ 33 ಆಗುತ್ತದೆ. 40ಕ್ಕಿಂತ ಕಡಿಮೆ ಇರುವುದರಿಂದ ಯಾರೂ ಹುಬ್ಬೇರಿಸುವುದಿಲ್ಲ. ಅದೇ 99 ಸೇರಿಕೊಂಡರೆ ಮೊತ್ತ 123. ಅದು ತಾನಾಗಿಯೇ ಸಿಕ್ಕಿಬೀಳುತ್ತದೆ.

ಸಂಖ್ಯೆ ಕೊಡದೆ ಖಾಲಿಯಾಗಿಯೇ ಬಿಟ್ಟರೂ ಎಕ್ಸೆಲ್‌ನಲ್ಲಿ ಒಂದು ಗುಂಡಿ ಕಾದಿರುತ್ತದೆ. `SUM` ಸೂತ್ರ ಖಾಲಿ ಕೋಶವನ್ನು ಬಿಟ್ಟು ಕೂಡುತ್ತದೆ. ಹಾಗಾಗಿ ಉತ್ತರಿಸದ ಪ್ರಶ್ನೆಗೆ 0 ಅಂಕ ಕೊಟ್ಟಂತಾಯಿತು. ಉಲ್ಟಾ ಪ್ರಶ್ನೆಯಲ್ಲಿ ಇನ್ನೂ ಕೆಟ್ಟದ್ದಾಗುತ್ತದೆ. ಎಕ್ಸೆಲ್ ಕಳೆಯುವಾಗ ಖಾಲಿ ಕೋಶವನ್ನು ಸೊನ್ನೆ ಎಂದುಕೊಳ್ಳುವುದರಿಂದ `4-` ಖಾಲಿ ಎಂದರೆ 4 ಬರುತ್ತದೆ. ಬಾಯಿಯೇ ಬಿಡದವರ ಲೆಕ್ಕಕ್ಕೆ ಅತಿ ಹೆಚ್ಚಿನ ಒತ್ತಡ ಜಮೆಯಾಗುತ್ತದೆ. ಇದನ್ನು ತಡೆಯುವ ಸೂತ್ರ ಹೀಗಿದೆ:

```
=IF(E2="","",4-E2)
```

ಸೂತ್ರ ಏನೇ ಇರಲಿ, ಎಷ್ಟು ಪ್ರಶ್ನೆ ಬಿಟ್ಟವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ ಎಂಬುದು ಸಂಶೋಧಕರೇ ಮಾಡಬೇಕಾದ ತೀರ್ಮಾನ. ಹತ್ತರಲ್ಲಿ ಕನಿಷ್ಠ ಎಂಟಕ್ಕೆ ಉತ್ತರಿಸಿದ್ದರೆ ಸರಾಸರಿ ತೆಗೆದು ಹತ್ತರಿಂದ ಗುಣಿಸುವುದು, ಅದಕ್ಕಿಂತ ಕಡಿಮೆಯಾದರೆ ಮೊತ್ತವನ್ನೇ ಕೊಡದಿರುವುದು ಒಂದು ದಾರಿ. ಆ ಪ್ರಕಾರ ಒಂಬತ್ತನೆಯದನ್ನು ಬಿಟ್ಟವರ ಮೊತ್ತ 24ನ್ನು 9ರಿಂದ ಭಾಗಿಸಿ 10ರಿಂದ ಗುಣಿಸಿದರೆ 26.7. ಬೇರೆ ದಾರಿಗಳೂ ಇವೆ. ಯಾವುದನ್ನು ಹಿಡಿದಿರಿ ಎಂಬುದು ಒಂದು ವಾಕ್ಯದಲ್ಲಿ ಅನುಬಂಧದಲ್ಲಿರಲಿ. ಅದಿಲ್ಲದಿದ್ದರೆ ಒಬ್ಬರು 24 ಎನ್ನುತ್ತಾರೆ, ಇನ್ನೊಬ್ಬರು 26.7 ಎನ್ನುತ್ತಾರೆ, ಮೂರನೆಯವರು ಆ ಹಾಳೆಯನ್ನೇ ಪಕ್ಕಕ್ಕಿಡುತ್ತಾರೆ.

ಈ ನಿಯಮಗಳ ಕ್ರಮವೂ ಮುಖ್ಯ. ಮೊದಲು 97, 98, 99ನ್ನು ಖಾಲಿ ಎಂದು ಘೋಷಿಸಬೇಕು, ಆಮೇಲೆ ಉಲ್ಟಾ ಅಂಕ ತಿರುಗಿಸಬೇಕು, ಕೊನೆಗೆ ಕೂಡಬೇಕು. ಮೊದಲೆರಡು ಅದಲುಬದಲಾದರೆ 4ರಲ್ಲಿ 99 ಕಳೆದು −95 ಎಂಬ ಅಂಕ ಹುಟ್ಟುತ್ತದೆ. ಹಾಗಾಗಿ ಲೆಕ್ಕದ ಸೂಚನೆಯನ್ನು ಒಂದು, ಎರಡು, ಮೂರು ಎಂದು ಹೆಜ್ಜೆಗಳಾಗಿಯೇ ಬರೆಯಬೇಕು.

ಹೊಸಬರ ಕೈಗೆ ಕೊಟ್ಟು ನೋಡಿ

ಅನುಬಂಧ ಮುಗಿಯಿತೋ ಇಲ್ಲವೋ ಎಂದು ಬರೆದವರು ತಾವೇ ಓದಿ ತಿಳಿಯಲಾರರು. ತಲೆಯಲ್ಲಿರುವುದು ಕಾಗದದ ಮೇಲೂ ಇದೆ ಎಂದೇ ಅವರಿಗೆ ಅನ್ನಿಸುತ್ತದೆ. ಸಮೀಕ್ಷೆಯಲ್ಲಿ ಭಾಗವಹಿಸದ ಒಬ್ಬರಿಗೆ ಅನುಬಂಧವನ್ನೂ ತುಂಬಿದ ನಾಲ್ಕು ಹಾಳೆಗಳನ್ನೂ ಕೊಟ್ಟು ಮೊತ್ತ ಕೇಳಬೇಕು. ಹಾಳೆಗಳನ್ನು ಬೇಕೆಂದೇ ಹೀಗೆ ತುಂಬಿರಬೇಕು: ಒಂದರಲ್ಲಿ ಎಲ್ಲ ಉತ್ತರವೂ 0, ಒಂದರಲ್ಲಿ ಎಲ್ಲವೂ 4, ಒಂದು ನಮ್ಮ ಮಿಶ್ರ ಹಾಳೆ, ಒಂದು ಖಾಲಿ ಬಿಟ್ಟದ್ದು.

ಎಲ್ಲ 0 ಇರುವ ಹಾಳೆಗೆ ಸರಿಯಾದ ಮೊತ್ತ 16, ಏಕೆಂದರೆ ನಾಲ್ಕು ಉಲ್ಟಾ ಪ್ರಶ್ನೆಗಳು ತಲಾ 4 ಕೊಡುತ್ತವೆ. ಎಲ್ಲ 4 ಇರುವುದಕ್ಕೆ 24, ಏಕೆಂದರೆ ಆರು ನೇರ ಪ್ರಶ್ನೆಗಳು ಮಾತ್ರ ಕೊಡುತ್ತವೆ. ಹೊಸಬರು 0 ಮತ್ತು 40 ಎಂದರೆ ಉಲ್ಟಾ ನಿಯಮ ಅವರ ಕಣ್ಣಿಗೆ ಬಿದ್ದಿಲ್ಲ ಎಂದರ್ಥ. 24 ಮತ್ತು 16 ಎಂದರೆ ಹದಿನಾಲ್ಕರ ರೂಪದ ಪಟ್ಟಿ ಎಲ್ಲಿಂದಲೋ ನುಸುಳಿದೆ. ಖಾಲಿ ಬಿಟ್ಟ ಹಾಳೆಯಲ್ಲಿ ಅವರು ನಿಮ್ಮನ್ನು ಕೇಳಲು ಬಂದರೆ ಆ ನಿಯಮ ಅನುಬಂಧದಲ್ಲಿ ಇಲ್ಲ, ಇಲ್ಲವೇ ಅರ್ಥವಾಗುವಂತಿಲ್ಲ. ಅವರು ಕೇಳಿದ ಪ್ರತಿ ಪ್ರಶ್ನೆಯೂ ಅನುಬಂಧಕ್ಕೆ ಸೇರಬೇಕಾದ ಒಂದು ಸಾಲು. ಈ ನಾಲ್ಕು ಹಾಳೆಗಳ ಪೈಕಿ ಮಿಶ್ರ ಹಾಳೆಯನ್ನು ಲೆಕ್ಕ ಬಿಡಿಸಿದ ಉದಾಹರಣೆಯಾಗಿ ಅನುಬಂಧದಲ್ಲೇ ಅಚ್ಚು ಹಾಕಿದರೆ ಮುಂದೆ ಬರುವವರೂ ತಮ್ಮ ಲೆಕ್ಕವನ್ನು ಅದರೊಂದಿಗೆ ತಾಳೆ ನೋಡಿಕೊಳ್ಳಬಹುದು.

ಕೊನೆಗೆ ಉಳಿಯುವುದು, 26 ಎಂದರೆ ಏನು ಎಂಬ ಪ್ರಶ್ನೆ. ಪಿಎಸ್‌ಎಸ್ ರೂಪಿಸಿದವರು ಇದನ್ನು ರೋಗ ಪತ್ತೆಯ ಸಾಧನವಾಗಿ ಮಾಡಲಿಲ್ಲ, ಇಷ್ಟರ ಮೇಲಿದ್ದರೆ ಕಾಯಿಲೆ ಎಂಬ ಗಡಿಯನ್ನೂ ಎಳೆಯಲಿಲ್ಲ. ಒಂದು ಗುಂಪನ್ನು ಇನ್ನೊಂದರೊಂದಿಗೆ, ಒಬ್ಬರ ಇಂದಿನ ಸ್ಥಿತಿಯನ್ನು ಆರು ತಿಂಗಳ ಹಿಂದಿನದರೊಂದಿಗೆ ಹೋಲಿಸಲು ಅದು ನೆರವಾಗುತ್ತದೆ. ಹಾಗಿದ್ದೂ 13ರವರೆಗೆ ಕಡಿಮೆ, 26ರವರೆಗೆ ಮಧ್ಯಮ, 27ರಿಂದ ಮೇಲೆ ಹೆಚ್ಚು ಎಂಬ ವಿಂಗಡಣೆ ಚಾಲ್ತಿಯಲ್ಲಿದೆ. ಅದರ ಪ್ರಕಾರ ನಮ್ಮ ಹಾಳೆಯ ಆಶಾ ಕಾರ್ಯಕರ್ತೆ ‘ಮಧ್ಯಮ’. ಅವರು ಒಂದೇ ಒಂದು ಉತ್ತರವನ್ನು 2ರ ಬದಲು 3 ಎಂದಿದ್ದರೆ ‘ಹೆಚ್ಚು’. ಇಂಥ ವಿಂಗಡಣೆ ಬಳಸುವವರು ಅದನ್ನು ಎಲ್ಲಿಂದ ತಂದರು, ಏಕೆ ತಂದರು ಎಂದು ಅನುಬಂಧದಲ್ಲಿ ಹೇಳಬೇಕು. ಮೂಲ ಅಳತೆಗೋಲಿನ ನಿಯಮಗಳ ಸಾಲಿಗೆ ಅದನ್ನು ಸೇರಿಸದೆ, ‘ಇದು ಸಂಶೋಧಕರ ತೀರ್ಮಾನ’ ಎಂದು ಬೇರೆ ಸಾಲಿನಲ್ಲಿ ಬರೆಯಬೇಕು. ಓದುಗರಿಗೆ ವಿಂಗಡಣೆ ಒಪ್ಪಿಗೆಯಾಗದಿದ್ದರೆ ಅದನ್ನು ಬಿಟ್ಟು ಮೊತ್ತವನ್ನಷ್ಟೇ ತೆಗೆದುಕೊಳ್ಳಲು ಆಗ ಸಾಧ್ಯವಾಗುತ್ತದೆ.